ಇನ್‌ಸ್ಟಾಲ್ ಮಾಡುವ ಮುನ್ನ ನೋಡಬೇಕಾದ್ದು

ಕೆಳಗಿನ ಎರಡು ಸಾಲುಗಳನ್ನು ಒಮ್ಮೆ ನಿಧಾನವಾಗಿ ಓದಿ.

```
jellyfish
jeIlyfish
```

ಮೊದಲನೆಯದು ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಿಗೆ ಪರಿಚಿತವಾದ ಒಂದು ಲೈಬ್ರರಿ. ಎರಡು ಪದಗಳು ಎಷ್ಟು ಹೋಲುತ್ತವೆ ಎಂಬುದನ್ನು ಲೆಕ್ಕಹಾಕುವುದು ಅದರ ಕೆಲಸ. ಎರಡನೆಯದರಲ್ಲಿ ಮೊದಲ ‘ಎಲ್’ ಅಕ್ಷರದ ಜಾಗದಲ್ಲಿ ದೊಡ್ಡಕ್ಷರದ ‘ಐ’ ಕೂತಿದೆ. ಬಹಳಷ್ಟು ಫಾಂಟುಗಳಲ್ಲಿ ಇವೆರಡೂ ಒಂದೇ ನೇರ ಗೆರೆಯಂತೆ ಕಾಣುತ್ತವೆ. ಈ ಎರಡನೆಯ ಹೆಸರಿನ ಪ್ಯಾಕೇಜು 2018ರ ಡಿಸೆಂಬರಿನಲ್ಲಿ ಪೈಥಾನ್‌ನ ಸಾರ್ವಜನಿಕ ಭಂಡಾರವಾದ ಪೈಪಿಐ ಸೇರಿತು. ಅಸಲಿ ಲೈಬ್ರರಿಯ ಕೆಲಸವನ್ನು ಮಾಡುತ್ತಲೇ ಅದು ಕಂಪ್ಯೂಟರಿನಲ್ಲಿರುವ ಎಸ್‌ಎಸ್‌ಎಚ್ ಮತ್ತು ಜಿಪಿಜಿ ಕೀಲಿಗಳನ್ನು ಹುಡುಕಿ ಹೊರಗೆ ಕಳಿಸುತ್ತಿತ್ತು. ಅಂದರೆ ಬೇರೆ ಸರ್ವರ್‌ಗಳಿಗೆ ಒಳಹೋಗುವ ಗುಟ್ಟನ್ನೇ ಕದಿಯುತ್ತಿತ್ತು. ಹಾಗೆ ಅದು ಹತ್ತಿರ ಹತ್ತಿರ ಒಂದು ವರ್ಷ ಅಲ್ಲೇ ಇತ್ತು.

ಲೂಕಾಸ್ ಮಾರ್ಟಿನಿ ಎಂಬ ಜರ್ಮನ್ ಡೆವಲಪರ್ ಅದನ್ನು ಪತ್ತೆಮಾಡಿ ದೂರಿದ್ದು 2019ರ ಡಿಸೆಂಬರ್ 1ರಂದು. ಅವರು ಜೊತೆಗೆ ಇನ್ನೊಂದನ್ನೂ ತೋರಿಸಿದರು: `python3-dateutil`. ದಿನಾಂಕಗಳನ್ನು ನಿಭಾಯಿಸುವ ಜನಪ್ರಿಯ `python-dateutil` ಲೈಬ್ರರಿಯ ನಕಲು ಅದು. ಕದಿಯುವ ಕೋಡ್ ಅದರೊಳಗೆ ಒಂದು ಸಾಲೂ ಇರಲಿಲ್ಲ, ಆದರೆ ಅದು ನಕಲಿ jeIlyfish ಅನ್ನು ತಾನೇ ಕರೆತರುತ್ತಿತ್ತು.

ಈ ಮೋಸ ನಡೆಯುವ ದಾರಿಯೇ ಅದು. ಇಂದು ಯಾವ ತಂತ್ರಾಂಶವನ್ನೂ ಪೂರ್ತಿ ಒಬ್ಬರೇ ಬರೆಯುವುದಿಲ್ಲ. ಮನೆ ಕಟ್ಟುವವರು ಇಟ್ಟಿಗೆಯನ್ನು ತಾವೇ ಸುಡದೆ ಕೊಂಡು ತರುವ ಹಾಗೆ, ಪ್ರೋಗ್ರಾಮರ್‌ಗಳು ಯಾರೋ ಬರೆದಿಟ್ಟ ಪ್ಯಾಕೇಜುಗಳನ್ನು ತರಿಸಿಕೊಳ್ಳುತ್ತಾರೆ. ಜಾವಾಸ್ಕ್ರಿಪ್ಟ್‌ನವರಿಗೆ ಎನ್‌ಪಿಎಂ, ಪೈಥಾನ್‌ನವರಿಗೆ ಪೈಪಿಐ ಅಂಥ ಭಂಡಾರ. ಒಂದು ಪ್ಯಾಕೇಜು ಇನ್ನೆರಡನ್ನು ಬೇಡುತ್ತದೆ, ಅವು ಮತ್ತೆ ನಾಲ್ಕನ್ನು. ಹೀಗೆ ಕವಲೊಡೆಯುವ ಡಿಪೆಂಡೆನ್ಸಿ ಮರದಲ್ಲಿ ಹತ್ತು ಹೆಸರು ಬರೆದವನಿಗೆ ನೂರಾರು ಹೆಸರುಗಳು ಬಂದು ಸೇರುತ್ತವೆ. ಭಂಡಾರಕ್ಕೆ ಯಾರು ಬೇಕಾದರೂ ಖಾತೆ ತೆರೆದು ಪ್ಯಾಕೇಜು ಏರಿಸಬಹುದು, ಮೊದಲೇ ಪರೀಕ್ಷಿಸಿ ಒಪ್ಪಿಗೆ ಕೊಡುವವರಿಲ್ಲ. ಇನ್‌ಸ್ಟಾಲ್ ಮಾಡುವಾಗಲೇ ತನ್ನದೊಂದು ಸ್ಕ್ರಿಪ್ಟನ್ನು ಓಡಿಸುವ ಅವಕಾಶವೂ ಪ್ಯಾಕೇಜಿಗೆ ಉಂಟು. ಆದ್ದರಿಂದ ತರಿಸಿಕೊಂಡ ಮೇಲೆ ಪರೀಕ್ಷಿಸಿದರೆ ತಡವಾಯಿತೆಂದೇ ಅರ್ಥ.

ಕಳ್ಳತನದ ಬಗೆ ಎರಡು. ಒಂದರಲ್ಲಿ ಹೆಸರು ನಕಲಿ. ಇನ್ನೊಂದರಲ್ಲಿ ಹೆಸರು ಅಸಲಿ, ಆದರೆ ಅದನ್ನು ನೋಡಿಕೊಳ್ಳುವವರ ಖಾತೆ ಬೇರೆಯವರ ಕೈಸೇರಿರುತ್ತದೆ. ಎರಡನ್ನೂ ಒಂದೇ ಕಣ್ಣಿನಿಂದ ಹುಡುಕಲಾಗದು.

ನಕಲಿ ಹೆಸರಿನದು ಮೊದಲು. 2017ರ ಜುಲೈನಲ್ಲಿ ಎನ್‌ಪಿಎಂನಲ್ಲಿ `crossenv` ಎಂಬ ಪ್ಯಾಕೇಜು ಬಂತು. ಅಸಲಿಯ ಹೆಸರು `cross-env`, ನಡುವೆ ಒಂದು ಅಡ್ಡಗೆರೆ. ನಕಲಿಯು ಅಸಲಿಯನ್ನೇ ಒಳಗೆ ತರಿಸಿಕೊಂಡು ಅದರಿಂದ ಕೆಲಸ ಮಾಡಿಸುತ್ತಿದ್ದುದರಿಂದ ಬಳಸಿದವರಿಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಹಿಂದೆ ಮಾತ್ರ ಪಾಸ್‌ವರ್ಡು, ಟೋಕನ್‌ಗಳು ಇರುವ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗಳು ಬೇರೊಂದು ಸರ್ವರ್‌ಗೆ ಹೋಗುತ್ತಿದ್ದವು. ಎರಡು ವಾರದ ನಂತರ ಸಿಕ್ಕಿಬಿದ್ದಾಗ ಅದೇ ಖಾತೆಯಿಂದ ಇಂಥವು ಸುಮಾರು 40 ಏರಿದ್ದವೆಂದು ತಿಳಿಯಿತು. ಅಡ್ಡಗೆರೆ, ಚುಕ್ಕಿಗಳಷ್ಟೇ ಬೇರೆಯಾದ ಹೊಸ ಹೆಸರುಗಳನ್ನು ಎನ್‌ಪಿಎಂ ಆ ವರ್ಷದ ಕೊನೆಗೆ ತಡೆಯಿತು. ಒಂದು ಅಕ್ಷರ ಹೆಚ್ಚು ಕಡಿಮೆಯಾದ ಹೆಸರುಗಳಿಗೆ ಆ ತಡೆ ಅನ್ವಯಿಸುವುದಿಲ್ಲ.

ಇಂಥದ್ದನ್ನು ಹಿಡಿಯಲು ಕೋಡ್ ಓದುವ ಅಗತ್ಯ ಅಪರೂಪ, ಪ್ಯಾಕೇಜಿನ ಜಾತಕ ನೋಡಿದರೆ ಸಾಕು. ಎನ್‌ಪಿಎಂ ಬಳಸುವವರಿಗೆ ಅದು ಒಂದೇ ಆದೇಶದಲ್ಲಿ ಸಿಗುತ್ತದೆ, ಮತ್ತು ಇದು ಏನನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ.

```
npm view cross-env time.created maintainers repository.url scripts
```

ಎಂದು ಹುಟ್ಟಿತು, ಯಾರು ನೋಡಿಕೊಳ್ಳುತ್ತಾರೆ, ಮೂಲ ಕೋಡ್ ಎಲ್ಲಿದೆ, ಯಾವ ಸ್ಕ್ರಿಪ್ಟ್‌ಗಳಿವೆ ಎಂಬುದೆಲ್ಲ ಎದುರು ಬರುತ್ತದೆ. ಎಲ್ಲರೂ ವರ್ಷಗಳಿಂದ ಬಳಸುವ ಲೈಬ್ರರಿ ಹೋದ ವಾರ ಹುಟ್ಟಿದೆ ಎಂದು ತೋರಿದರೆ ಅಲ್ಲಿಗೇ ನಿಲ್ಲಿಸಬೇಕು. `preinstall` ಅಥವಾ `postinstall` ಎಂಬ ಸಾಲು ಕಂಡರೆ ಅದು ಓಡಿಸುವ ಕಡತವನ್ನು ತೆರೆದು ನೋಡಬೇಕು. ಮೂಲ ಕೋಡಿನ ಕೊಂಡಿಯನ್ನು ಮಾತ್ರ ಹಾಗೇ ನಂಬುವಂತಿಲ್ಲ, ನಕಲಿ ಪ್ಯಾಕೇಜಿನವರು ಅಸಲಿಯ ಕೊಂಡಿಯನ್ನೇ ಅಂಟಿಸಿಬಿಡುತ್ತಾರೆ. ಅದಕ್ಕೆ ತಿರುಗುಮುರುಗಾಗಿ ಹೋಗುವುದು ಮೇಲು: ಮೊದಲು ಯೋಜನೆಯ ಅಧಿಕೃತ ಪುಟಕ್ಕೆ ಹೋಗಿ, ಅಲ್ಲಿ ಬರೆದ ಇನ್‌ಸ್ಟಾಲ್ ಸಾಲನ್ನು ನಕಲು ಮಾಡಿಕೊಳ್ಳುವುದು. ಹೆಸರನ್ನು ನೆನಪಿನಿಂದ ಟೈಪ್ ಮಾಡುವ ಅಭ್ಯಾಸವೇ ಈ ಕಳ್ಳರ ಬಂಡವಾಳ. ಇನ್ನು jeIlyfish ಬಗೆಯ ಕಣ್ಕಟ್ಟಿಗೆ ಹೆಸರನ್ನು ಪೂರ್ತಿ ಸಣ್ಣಕ್ಷರಕ್ಕೆ ತಿರುಗಿಸಿದರೆ ಸಾಕು. ಅದು `jeilyfish` ಆಗಿ ತನ್ನ ಬಣ್ಣ ತಾನೇ ತೋರಿಸುತ್ತದೆ.

ಎರಡನೆಯ ಬಗೆಯಲ್ಲಿ ಈ ಯಾವ ಪರೀಕ್ಷೆಯೂ ನಡೆಯುವುದಿಲ್ಲ. 2025ರ ಸೆಪ್ಟೆಂಬರ್ 8ರಂದು `chalk`, `debug` ಸೇರಿ 18 ಎನ್‌ಪಿಎಂ ಪ್ಯಾಕೇಜುಗಳಿಗೆ ವಿಷ ಬೆರೆಯಿತು. ಎಲ್ಲವೂ ಹಳೆಯ, ಹೆಸರುವಾಸಿ ಪ್ಯಾಕೇಜುಗಳೇ. ಒಟ್ಟಾರೆ ವಾರಕ್ಕೆ 200 ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗುವಂಥವು. ಅವನ್ನು ನೋಡಿಕೊಳ್ಳುತ್ತಿದ್ದವರಿಗೆ `npmjs.help` ಎಂಬ ವಿಳಾಸದಿಂದ, ಎರಡು ಹಂತದ ಲಾಗಿನ್ ವ್ಯವಸ್ಥೆಯನ್ನು ನವೀಕರಿಸದಿದ್ದರೆ ಖಾತೆ ಬಂದ್ ಆಗುತ್ತದೆ ಎಂಬ ಇಮೇಲ್ ಬಂದಿತ್ತು. ಆ ವಿಳಾಸ ನೋಂದಣಿಯಾಗಿ ಆಗಿದ್ದು ಮೂರೇ ದಿನ. ಕೊಂಡಿ ತೆರೆದ ಪುಟದಲ್ಲಿ ಲಾಗಿನ್ ವಿವರಗಳನ್ನು ಕೊಟ್ಟ ಕೂಡಲೇ ಖಾತೆ ಕಳ್ಳರ ಪಾಲಾಯಿತು. ಬ್ರೌಸರಿನಲ್ಲಿ ಕ್ರಿಪ್ಟೋ ಹಣ ಕಳಿಸುವಾಗ ಸ್ವೀಕರಿಸುವವರ ವಿಳಾಸವನ್ನು ತಮ್ಮದಕ್ಕೆ ಬದಲಿಸುವ ಕೋಡನ್ನು ಅವರು ಹೊಸ ಆವೃತ್ತಿಗಳಲ್ಲಿ ಸೇರಿಸಿದರು. ಇನ್‌ಸ್ಟಾಲ್ ಸ್ಕ್ರಿಪ್ಟ್ ಇರಲೇ ಇಲ್ಲ. ಹಾಗಾಗಿ ಸ್ಕ್ರಿಪ್ಟ್‌ಗಳನ್ನು ತಡೆಯುವ `--ignore-scripts` ಹಾಕಿಕೊಂಡವರಿಗೂ ಅದರಿಂದ ಪ್ರಯೋಜನವಾಗಲಿಲ್ಲ.

ಆದರೆ ಸುಮಾರು ಎರಡು ಗಂಟೆಯೊಳಗೆ ವಿಷಯ ಬಯಲಾಗಿ ತೆರವಿನ ಕೆಲಸ ಶುರುವಾಗಿತ್ತು. 2021ರ ಅಕ್ಟೋಬರಿನಲ್ಲಿ `ua-parser-js` ಖಾತೆ ಅಪಹರಣವಾದಾಗಲೂ ಹೀಗೆಯೇ: ತನ್ನ ಇಮೇಲ್‌ಗೆ ಇದ್ದಕ್ಕಿದ್ದಂತೆ ಸ್ಪ್ಯಾಮ್ ಸುರಿಯುತ್ತಿರುವುದನ್ನು ಕಂಡ ಅದರ ಕರ್ತೃವಿಗೆ ಅನುಮಾನ ಬಂದು, ಕೆಲವೇ ಗಂಟೆಗಳಲ್ಲಿ ಸರಿಪಡಿಸಿದ ಆವೃತ್ತಿ ಬಂತು. ಜನಪ್ರಿಯ ಪ್ಯಾಕೇಜಿನ ಮೇಲೆ ಕಣ್ಣುಗಳು ಹೆಚ್ಚು. ಭದ್ರತಾ ಕಂಪನಿಗಳ ಯಂತ್ರಗಳು ಪ್ರತಿ ಹೊಸ ಆವೃತ್ತಿಯನ್ನೂ ಏರಿದೊಡನೆ ಜಾಲಾಡುತ್ತವೆ. ಹಾಗಿದ್ದ ಮೇಲೆ ಈ ಬಗೆಯ ಕಳ್ಳತನಕ್ಕೆ ಇರುವ ದೊಡ್ಡ ಮದ್ದು ಕಾಯುವುದೇ. ಪಿಎನ್‌ಪಿಎಂ ಎಂಬ ಇನ್‌ಸ್ಟಾಲ್ ಸಾಧನದಲ್ಲಿ 2025ರಿಂದ ಇದಕ್ಕೆಂದೇ ಒಂದು ಸಾಲಿದೆ. ಅದನ್ನು `pnpm-workspace.yaml` ಕಡತದಲ್ಲಿ ಬರೆಯಬೇಕು.

```
minimumReleaseAge: 10080
```

ಲೆಕ್ಕ ನಿಮಿಷಗಳಲ್ಲಿ, ಅಂದರೆ ಪ್ರಕಟವಾಗಿ ಏಳು ದಿನ ತುಂಬದ ಯಾವ ಆವೃತ್ತಿಯೂ ಒಳಗೆ ಬರುವುದಿಲ್ಲ. ಎನ್‌ಪಿಎಂನಲ್ಲಿ `--before` ಎಂದು ತಾರೀಕು ಕೊಟ್ಟರೆ ಆ ದಿನಕ್ಕೆ ಮುಂಚಿನವು ಮಾತ್ರ ಬರುತ್ತವೆ. ಇದಕ್ಕೊಂದು ಬೆಲೆಯಿದೆ. ತುರ್ತು ಭದ್ರತಾ ದುರಸ್ತಿಯೂ ಏಳು ದಿನ ಬಾಗಿಲಲ್ಲೇ ನಿಲ್ಲುತ್ತದೆ. ಅಂಥ ಸಮಯದಲ್ಲಿ ಆ ಒಂದು ಪ್ಯಾಕೇಜಿಗೆ, ಬದಲಾವಣೆಯನ್ನು ಓದಿ ನೋಡಿದ ಮೇಲೆ, ವಿನಾಯಿತಿ ಕೊಡುವುದು ಸರಿ.

ಕಾದರೂ ತಪ್ಪದ ಪ್ರಕರಣ ಒಂದಿದೆ. ಈ ವಿದ್ಯೆ ಕಲಿಯುವವರು ಎಲ್ಲಕ್ಕಿಂತ ಮೊದಲು ಓದಬೇಕಾದ್ದು ಅದನ್ನೇ. ವಾರಕ್ಕೆ 20 ಲಕ್ಷದಷ್ಟು ಡೌನ್‌ಲೋಡ್ ಇದ್ದ `event-stream` ಪ್ಯಾಕೇಜನ್ನು ಅದರ ಮೂಲ ಕರ್ತೃ 2018ರಲ್ಲಿ, ತಾನು ನೋಡಿಕೊಳ್ಳುತ್ತೇನೆಂದು ಕೇಳಿಕೊಂಡು ಬಂದ ಅಪರಿಚಿತನಿಗೆ ಒಪ್ಪಿಸಿದರು. ಬಹುಕಾಲದಿಂದ ತಾವೇ ಬಳಸದ, ಒಂದು ಕಾಸೂ ತಾರದ ಕೆಲಸವನ್ನು ಯಾರಾದರೂ ವಹಿಸಿಕೊಳ್ಳುತ್ತೇನೆಂದರೆ ಬೇಡವೆನ್ನುವವರು ಕಡಿಮೆ, ಅವರನ್ನು ದೂರುವುದು ನ್ಯಾಯವಲ್ಲ. ಹೊಸಬ ಸೆಪ್ಟೆಂಬರ್ 9ರಂದು 3.3.6 ಆವೃತ್ತಿ ತಂದ. ಅದರಲ್ಲಿ `flatmap-stream` ಎಂಬ ಹೊಸ ಡಿಪೆಂಡೆನ್ಸಿ ಸೇರಿತು. ಆಗ ಅದು ಶುದ್ಧವಾಗಿಯೇ ಇತ್ತು. ಅಕ್ಟೋಬರ್ 5ರಂದು ಅದರ 0.1.1 ಆವೃತ್ತಿ ಬಂತು, ವಿಷ ಇದ್ದದ್ದು ಇದರಲ್ಲಿ. ಆವೃತ್ತಿ ಸಂಖ್ಯೆಯ ಹಿಂದೆ `^` ಗುರುತಿದ್ದರೆ ಹೊಂದಾಣಿಕೆಯಾಗುವ ಹೊಸ ಆವೃತ್ತಿ ತಾನಾಗಿ ಬರುತ್ತದೆ. ಆ ದಾರಿಯಲ್ಲೇ ಅದು ಹರಡಿತು.

ಒಳಗಿನ ಕೋಡ್ ಗೂಢಲಿಪಿಯಲ್ಲಿತ್ತು. ಅದನ್ನು ಬಿಡಿಸುವ ಕೀಲಿ ಎಂದರೆ ಬಳಸುವ ಯೋಜನೆಯ ವಿವರಣೆಯ ಸಾಲು. ಕೋಪೇ ಎಂಬ ಬಿಟ್‌ಕಾಯಿನ್ ವಾಲೆಟ್‌ನ ವಿವರಣೆ ಸಿಕ್ಕರೆ ಮಾತ್ರ ಅದು ಬಿಚ್ಚಿಕೊಂಡು ಕೀಲಿಗಳನ್ನು ಕದಿಯುತ್ತಿತ್ತು, ಉಳಿದ ಕಡೆ ಸುಮ್ಮನೆ ಮಲಗಿರುತ್ತಿತ್ತು. ನವೆಂಬರಿನಲ್ಲಿ ಬಯಲಾದದ್ದು ಆಕಸ್ಮಿಕವಾಗಿ. ವಿಷದ ಕೋಡ್ ಹಳೆಯ ಗೂಢಲಿಪಿ ಆದೇಶವೊಂದನ್ನು ಬಳಸಿದ್ದರಿಂದ ಬೇರೊಂದು ಸಾಧನದಲ್ಲಿ ಎಚ್ಚರಿಕೆಯ ಸಾಲೊಂದು ಮೂಡಿತು, ಅದು ಎಲ್ಲಿಂದ ಬಂತೆಂದು ಒಬ್ಬರು ಬೆನ್ನುಹತ್ತಿದರು.

ಇದನ್ನು ಮೊದಲೇ ಹಿಡಿಯಬಹುದಿತ್ತೇ? ಎರಡು ಸುಳಿವುಗಳು ಕಣ್ಣೆದುರೇ ಇದ್ದವು. ಸಣ್ಣ ಆವೃತ್ತಿ ಬದಲಾವಣೆಯೊಂದು, ಹುಟ್ಟಿ ಎರಡು ತಿಂಗಳೂ ಆಗದ, ಯಾರೂ ಕೇಳಿರದ ಹೊಸ ಹೆಸರನ್ನು ಮರಕ್ಕೆ ಸೇರಿಸಿತ್ತು. ಇದು `package-lock.json` ಕಡತದಲ್ಲಿ ಹೊಸ ಸಾಲಾಗಿ ಮೂಡುತ್ತದೆ. ಉದ್ದವಾಗಿದೆಯೆಂದು ಹೆಚ್ಚಿನವರು ಅದನ್ನು ತೆರೆಯದೆ ಒಪ್ಪಿಬಿಡುತ್ತಾರೆ. ಪೂರ್ತಿ ಓದಬೇಕಿಲ್ಲ, ಹೊಸದಾಗಿ ಸೇರಿದ ಹೆಸರುಗಳನ್ನಷ್ಟೇ ಹೆಕ್ಕಿ ಪ್ರತಿಯೊಂದರ ಜಾತಕ ನೋಡಿದರೆ ಆಯಿತು. ಇನ್ನೊಂದು ಸುಳಿವು, ವಿಷದ ಕೋಡ್ ಗಿಟ್‌ಹಬ್‌ನಲ್ಲಿದ್ದ ಮೂಲದಲ್ಲಿ ಇರಲಿಲ್ಲ, ಎನ್‌ಪಿಎಂಗೆ ಏರಿಸಿದ ಒತ್ತಿಟ್ಟ ಕಡತದಲ್ಲಿ ಮಾತ್ರ ಇತ್ತು. ಗಿಟ್‌ಹಬ್ ನೋಡಿ ನೆಮ್ಮದಿಪಟ್ಟವರು ಬೇರೆಯದನ್ನೇ ನೋಡಿದ್ದರು. ನಿಜಕ್ಕೂ ಬರುತ್ತಿರುವುದನ್ನು ನೋಡಲು ಭಂಡಾರದಲ್ಲಿರುವ ಎರಡು ಆವೃತ್ತಿಗಳನ್ನೇ ಹೋಲಿಸಬೇಕು.

```
npm diff --diff=debug@4.4.0 --diff=debug@4.4.1
```

ಇದು ಏನನ್ನೂ ಓಡಿಸದೆ ಬದಲಾದ ಸಾಲುಗಳನ್ನು ತೋರಿಸುತ್ತದೆ. ಅದರಲ್ಲಿ ಓದಲಾಗದ ಹಾಗೆ ಒತ್ತಿಟ್ಟ ಒಂದೇ ಉದ್ದನೆಯ ಸಾಲು ಹೊಸದಾಗಿ ಕಂಡರೆ, ಅದೇ ಕೋಡ್ ಮೂಲದಲ್ಲಿ ಇದೆಯೇ ಎಂದು ಕೇಳದೆ ಮುಂದುವರಿಯಬಾರದು.

ಇಷ್ಟು ಮಾಡಿದ ಮೇಲೂ ತಂಡದ ಬಿಲ್ಡ್ ಸರ್ವರ್‌ನಲ್ಲಿ `npm install` ಎಂದೇ ಬರೆದಿದ್ದರೆ ಶ್ರಮ ನೀರಪಾಲಾಗಬಹುದು. ಲಾಕ್ ಕಡತವನ್ನು ಉಳಿಸಿಕೊಳ್ಳದ ಅಥವಾ ಅದು ಹೊಂದದ ಸಂದರ್ಭದಲ್ಲಿ ಆ ಆದೇಶ ಹೊಸ ಆವೃತ್ತಿಗಳನ್ನು ತರುತ್ತದೆ. `npm ci` ಹಾಗಲ್ಲ, ಲಾಕ್ ಕಡತದಲ್ಲಿ ಇರುವುದನ್ನೇ ತರುತ್ತದೆ, ತಾಳೆಯಾಗದಿದ್ದರೆ ನಿಂತುಬಿಡುತ್ತದೆ. ನಿಮ್ಮ ತಂಡದ ಬಿಲ್ಡ್ ಕಡತವನ್ನು ಇವತ್ತೇ ತೆರೆದು ಆ ಒಂದು ಸಾಲು ಯಾವುದಿದೆ ಎಂದು ನೋಡಿ.