ಮಾರದಿದ್ದರೆ ನಷ್ಟವೇ ಇಲ್ಲವಂತೆ!

‘ಹಾಕಿದ ದುಡ್ಡು ಬರೋತನಕ ಮಾಲು ಬಿಡಬ್ಯಾಡ. ಮಾರಿದ್ರೆ ತಾನೆ ಲುಕ್ಸಾನು?’

ಹರಪನಹಳ್ಳಿಯಿಂದ ಕೊಟ್ಟೂರು, ಕೂಡ್ಲಿಗಿಯವರೆಗೆ ಯಾವ ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರು ದಡ್ಡರೇನಲ್ಲ. ಕಾಳನ್ನು ಹಲ್ಲಲ್ಲಿ ಕಡಿದು ತೇವಾಂಶ ಹೇಳಬಲ್ಲವರು, ಮಳೆಯ ನಕ್ಷತ್ರಗಳನ್ನು ಬೆರಳ ಮೇಲೆ ಎಣಿಸಬಲ್ಲವರು. ಆದರೆ ಮನೆಯಲ್ಲಿ ಚೀಲ ಒಟ್ಟಿದ ಮೇಲೆ ಅವರ ಲೆಕ್ಕವೆಲ್ಲ ಒಂದೇ ಅಂಕಿಗೆ ಅಂಟಿಕೊಳ್ಳುತ್ತದೆ: ತಾನು ಹಾಕಿದ ದುಡ್ಡು, ಇಲ್ಲವೇ ಹೋದ ಸುಗ್ಗಿಯಲ್ಲಿ ಯಾರೋ ಕೇಳಿ ಹೋಗಿದ್ದ ರೇಟು. ಮಾರುಕಟ್ಟೆಗೆ ಆ ಅಂಕಿಯ ಗುರುತೇ ಇಲ್ಲ. ಈ ರೈತ ಗೊಬ್ಬರಕ್ಕೆ ಎಷ್ಟು ಕೊಟ್ಟ, ಬಿತ್ತನೆ ಬೀಜವನ್ನು ಎಷ್ಟಕ್ಕೆ ತಂದ ಎಂದು ಕೇಳಿಕೊಂಡು ಕೋಳಿ ಆಹಾರದ ಕಾರ್ಖಾನೆಯವನು ಬೆಲೆ ಕಟ್ಟುವುದಿಲ್ಲ.

ಮೆಕ್ಕೆಜೋಳವನ್ನೇ ತೆಗೆದುಕೊಳ್ಳೋಣ. ಈ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಈಗ ಅದರದೇ ದರ್ಬಾರು. ಸುಗ್ಗಿಯಲ್ಲಿ ಆವಕ ಹೆಚ್ಚಿ ಬೆಲೆ ಇಳಿಯುತ್ತದೆ, ಬೇಸಿಗೆಗೆ ಸ್ವಲ್ಪ ಏರುತ್ತದೆ. ಆದ್ದರಿಂದ ನಾಲ್ಕು ತಿಂಗಳು ಇಟ್ಟುಕೊಳ್ಳುವುದು ಹಳೆಯ ಪದ್ಧತಿ, ಅದರಲ್ಲಿ ತಪ್ಪೂ ಇಲ್ಲ. 2023ರ ಡಿಸೆಂಬರಿನಲ್ಲಿ ಇದಕ್ಕೆ ಇನ್ನೊಂದು ಬಲವಾದ ಕಾರಣ ಕೂಡಿಕೊಂಡಿತು. ಸಕ್ಕರೆ ಕಡಿಮೆಯಾದೀತೆಂದು ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ಕಡಿವಾಣ ಹಾಕಿತು. ಪೆಟ್ರೋಲಿಗೆ ಬೆರೆಸಲು ಎಥೆನಾಲ್ ಬೇಕೇ ಬೇಕು, ಕಬ್ಬು ಸಿಗದು, ಉಳಿದದ್ದು ಮೆಕ್ಕೆಜೋಳ. ತೈಲ ಕಂಪನಿಗಳು ಮೆಕ್ಕೆಜೋಳದ ಎಥೆನಾಲಿಗೆ ಲೀಟರಿಗೆ 71.86 ರೂಪಾಯಿ ಕೊಡಲು ಒಪ್ಪಿದವು. ಕೋಳಿಗೂ ಕಾರಿಗೂ ಪೈಪೋಟಿ ಬಿದ್ದು ಬೆಲೆ ಏರಿತು. ಆ ವರ್ಷ ದಾಸ್ತಾನು ಇಟ್ಟವನ ಕೈಯಲ್ಲಿ ನಿಜವಾದ ಕಾರಣವಿತ್ತು, ಅವನು ಗೆದ್ದ. ನೋಡಿದ ನೆರೆಯವನು ಆ ಕಾರಣವನ್ನು ಬಿಟ್ಟು ‘ಇಟ್ಟರೆ ಏರುತ್ತೆ’ ಅನ್ನುವುದನ್ನು ಮಾತ್ರ ಕಲಿತ.

ಅದೇ ವಾರ ಈರುಳ್ಳಿಗೆ ಆದದ್ದನ್ನು ಜನ ಇಷ್ಟು ಬೇಗ ಮರೆತರಲ್ಲ ಎನ್ನುವುದೇ ನನ್ನ ಅಚ್ಚರಿ. 2023ರ ಡಿಸೆಂಬರ್ 8ರಿಂದ ಈರುಳ್ಳಿ ರಫ್ತು ನಿಷೇಧವಾಯಿತು. ರಫ್ತಿನ ಆಸೆಯಿಂದ ಹಿಡಿದಿಟ್ಟವನ ಕಾರಣ ಒಂದೇ ರಾತ್ರಿಯಲ್ಲಿ ಹೋಯಿತು. ಮುಂಗಾರಿನ ಈರುಳ್ಳಿ ಹೇಗೂ ಬಹಳ ದಿನ ತಡೆಯುವುದಿಲ್ಲ, ಕೊಳೆತ ವಾಸನೆ ಮೂಗಿಗೆ ಬಡಿದು ಮಾಲಕನನ್ನು ಮಾರುಕಟ್ಟೆಗೆ ಅಟ್ಟುತ್ತದೆ. ಮೆಕ್ಕೆಜೋಳ ಹಾಗಲ್ಲ, ಸುಮ್ಮನೆ ಮೂಲೆಯಲ್ಲಿ ಕೂತಿರುತ್ತದೆ. ಹಾಗಾಗಿಯೇ ಅದರ ಮಾಲಕನಿಗೆ ತನ್ನನ್ನು ತಾನು ನಂಬಿಸಿಕೊಳ್ಳಲು ಹೆಚ್ಚು ಕಾಲಾವಕಾಶ.

ಈಗ ಮೆಕ್ಕೆಜೋಳ ಹಿಡಿದಿಟ್ಟವನ ಕಾರಣ ಕರಗಿದ ಬಗೆ ನೋಡಿ. 2024ರ ಆಗಸ್ಟ್ ಕೊನೆಗೆ ಕಬ್ಬಿನ ಹಾಲಿನ ಮೇಲಿನ ನಿರ್ಬಂಧ ತೆಗೆದರು, ನವೆಂಬರಿನಿಂದ ಶುರುವಾಗುವ ಹೊಸ ಎಥೆನಾಲ್ ವರ್ಷಕ್ಕೆ ಅದು ಜಾರಿಯಾಯಿತು. 2025ರ ಜನವರಿಯಲ್ಲಿ ಆಹಾರ ನಿಗಮದ ಗೋದಾಮಿನ ಅಕ್ಕಿಯನ್ನು ಎಥೆನಾಲ್ ಕಾರ್ಖಾನೆಗಳಿಗೆ ಕೊಡುವ ದರವನ್ನು ಕ್ವಿಂಟಲಿಗೆ 2,800ರಿಂದ 2,250 ರೂಪಾಯಿಗೆ ಇಳಿಸಿದರು. ಮೆಕ್ಕೆಜೋಳಕ್ಕೆ ಬೇಡಿಕೆ ಸತ್ತಿತು ಎಂದು ನಾನು ಹೇಳುತ್ತಿಲ್ಲ. ಕಾರ್ಖಾನೆಗಳು ಕೊಳ್ಳುತ್ತಲೇ ಇದ್ದವು. ಆದರೆ ಬೆಲೆಯನ್ನು ಎತ್ತಿ ಹಿಡಿದಿದ್ದದ್ದು ಬೇರೆ ದಾರಿಯಿಲ್ಲದ ಕೊರತೆ. ಈಗ ತೈಲ ಕಂಪನಿಗಳಿಗೆ ಒಂದು ಕಡೆ ಕಬ್ಬಿನ ಎಥೆನಾಲ್, ಇನ್ನೊಂದು ಕಡೆ ಅಕ್ಕಿಯದು. ಜೋಳ ದುಬಾರಿಯಾದರೆ ಅತ್ತ ತಿರುಗಬಹುದು.

2024ರ ಡಿಸೆಂಬರಿನಲ್ಲಿ ನೂರು ಕ್ವಿಂಟಲ್ ಒಟ್ಟಿಕೊಂಡ ಒಬ್ಬ ರೈತನ ಲೆಕ್ಕ ಹಾಕೋಣ. ಅಂಕಿ ಉದಾಹರಣೆಗೆ ಮಾತ್ರ, ಆದರೆ ನಡೆಯುವುದು ಹೀಗೆಯೇ. ವ್ಯಾಪಾರಿ 2,200ಕ್ಕೆ ಕೇಳುತ್ತಾನೆ. ಇವನು ಕೊಡುವುದಿಲ್ಲ. ಆರು ತಿಂಗಳಾದ ಮೇಲೆ ‘2,200 ಬಂದರೆ ಸಾಕು, ಲಾಭ ಬೇಡ, ಹಾಕಿದ್ದು ಬರಲಿ’ ಎನ್ನುತ್ತಾನೆ. ತಾನು ಬಹಳ ಇಳಿದು ಬಂದೆ ಎಂದೇ ಅವನ ಭಾವನೆ.

ಅಲ್ಲೇ ಮೋಸ ಹೋಗುವುದು. ಒಟ್ಟುವಾಗ ಕಾಳಿನಲ್ಲಿ ಶೇ 16 ತೇವಾಂಶವಿತ್ತು, ಬೇಸಿಗೆಗೆ ಶೇ 13ಕ್ಕೆ ಒಣಗಿತು ಎನ್ನಿ. ಆವಿಯಾದದ್ದು ಬರೀ ನೀರು, ಆದರೆ ತಕ್ಕಡಿಯಲ್ಲಿ ನೂರು ಕ್ವಿಂಟಲ್ ಇದ್ದದ್ದು ತೊಂಬತ್ತಾರೂವರೆಯಾಗುತ್ತದೆ. ಮೂರು ಕ್ವಿಂಟಲ್ ಹೋದೀತು ಎಂದುಕೊಂಡವನಿಗೆ ಮೂರೂವರೆ ಹತ್ತಿರ ಹೋಗಿರುತ್ತದೆ, ಯಾಕೆಂದರೆ ಉಳಿದ ರಾಶಿಯಲ್ಲೂ ತೇವಾಂಶವನ್ನು ಅದರದೇ ತೂಕದ ಮೇಲೆ ಲೆಕ್ಕ ಹಾಕುತ್ತಾರೆ. ನುಸಿ ತಿಂದದ್ದು, ಪುಡಿಯಾಗಿ ಉದುರಿದ್ದು ಇನ್ನೊಂದೂವರೆ. ಉಳಿದದ್ದು 95 ಕ್ವಿಂಟಲ್. ಇತ್ತ ಬಿತ್ತನೆಗೆಂದು ತಂದ ಸಾಲ ನೂರಕ್ಕೆ ಎರಡರ ಬಡ್ಡಿಯಲ್ಲಿ ಬೆಳೆಯುತ್ತಿದೆ. ಅಂದು ಕೈಗೆ ಬರಬೇಕಿದ್ದ 2,20,000 ರೂಪಾಯಿಯಷ್ಟು ಸಾಲ ತೀರಿಸಬಹುದಿತ್ತು. ತೀರಿಸದ್ದಕ್ಕೆ ಆರು ತಿಂಗಳ ಬಡ್ಡಿ 26,400. ಈಗ 2,46,400 ರೂಪಾಯಿಯನ್ನು 95 ಕ್ವಿಂಟಲಿನಿಂದ ಎತ್ತಬೇಕು. ಕ್ವಿಂಟಲಿಗೆ ಸುಮಾರು 2,594! ಗೋದಾಮಿನ ಬಾಡಿಗೆ, ಹಮಾಲಿ, ನುಸಿ ಔಷಧಿ ಇನ್ನೂ ಸೇರಿಸಿಲ್ಲ. ‘ಹಾಕಿದ್ದು ಬರಲಿ’ ಎಂದು ಇವನು ಕಾಯುತ್ತಿರುವ ಬೆಲೆ ತಿಂಗಳಿಗೆ ಅರವತ್ತೈದು ರೂಪಾಯಿಯಂತೆ ಮುಂದೆ ಮುಂದೆ ಓಡುತ್ತಿದೆ, ಇವನು ಮಾತ್ರ 2,200ರ ಹತ್ತಿರವೇ ನಿಂತು ಅದರ ದಾರಿ ಕಾಯುತ್ತಿದ್ದಾನೆ.

ಮಾರದಿದ್ದರೆ ನಷ್ಟವಿಲ್ಲ ಎನ್ನುವವರಿಗೆ ನನ್ನದೊಂದೇ ಪ್ರಶ್ನೆ: ಹಾಗಾದರೆ ಆ ಐದು ಕ್ವಿಂಟಲ್ ಎಲ್ಲಿ ಹೋಯಿತು?

ಇಲ್ಲಿ ಎರಡು ಕಾಯಿಲೆ ಒಟ್ಟಿಗೆ ಕೆಲಸ ಮಾಡುತ್ತವೆ. ಮುಳುಗಿದ ದುಡ್ಡಿನ ಮೋಹ ಒಂದು, ಬೇಕಾದ ಸಾಕ್ಷಿಯನ್ನಷ್ಟೇ ಹೆಕ್ಕುವ ಚಾಳಿ ಇನ್ನೊಂದು. ಮೊದಲನೆಯದು ಮನುಷ್ಯನನ್ನು ಕಟ್ಟಿ ಹಾಕುತ್ತದೆ. ಎರಡನೆಯದು ಅವನಿಗೆ ಕಟ್ಟಿ ಹಾಕಿರುವುದು ಗೊತ್ತಾಗದಂತೆ ನೋಡಿಕೊಳ್ಳುತ್ತದೆ. 2025ರಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರಕೆ ಶೇ 20 ಮುಟ್ಟಿತು ಎಂಬ ಸುದ್ದಿ ಬಂತಲ್ಲ, ದಾಸ್ತಾನುದಾರರು ಅದನ್ನು ವಾಟ್ಸಾಪಿನಲ್ಲಿ ಹಬ್ಬದ ಶುಭಾಶಯದಂತೆ ಹಂಚಿದರು. ‘ನೋಡ್ರಿ, ಎಥೆನಾಲ್ ಎಲ್ಲಿಗೆ ಹೋತು!’ ಆದರೆ ಆ ಸುದ್ದಿಯ ಅರ್ಥ ಅವರಿಗೆ ಬೇಕಾದದ್ದರ ತದ್ವಿರುದ್ಧ. ಗುರಿ ಶೇ 20 ಇದ್ದದ್ದು; ಮುಟ್ಟಿಯಾಯಿತು ಎಂದರೆ ವರ್ಷ ವರ್ಷ ಜಿಗಿಯುತ್ತಿದ್ದ ಬೇಡಿಕೆಯ ಜಿಗಿತ ಮುಗಿಯಿತು ಎಂದು. ಬೆಲೆ ಏರಿಸುವುದು ಹೊಸದಾಗಿ ಕೂಡಿಕೊಳ್ಳುವ ಬೇಡಿಕೆ. ಅದೇ ವರ್ಷದ ಅಕ್ಟೋಬರಿನಲ್ಲಿ ತೈಲ ಕಂಪನಿಗಳು ಮುಂದಿನ ವರ್ಷಕ್ಕೆ 1,050 ಕೋಟಿ ಲೀಟರ್ ಕೇಳಿದರೆ ಕಾರ್ಖಾನೆಗಳು 1,776 ಕೋಟಿ ಲೀಟರ್ ಕೊಡುತ್ತೇವೆಂದು ಸಾಲುಗಟ್ಟಿದವು. ಕೊಳ್ಳುವವನಿಗಿಂತ ಮಾರುವವನಿಗೇ ಆತುರ. ಈ ಸುದ್ದಿಯನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತು. 2025ರ ನವೆಂಬರಿನಲ್ಲಿ ಬೆಂಬಲ ಬೆಲೆ 2,400 ಇದ್ದಾಗ ಮಾರುಕಟ್ಟೆಯಲ್ಲಿ 1,600ರಿಂದ 1,800 ನಡೆಯುತ್ತಿದೆ ಎಂದು ಮುಖ್ಯಮಂತ್ರಿಗಳೇ ಪ್ರಧಾನಿಗೆ ಪತ್ರ ಬರೆಯಬೇಕಾಯಿತು. ಹೊಸ ಬೆಳೆ ಮಾರಲು ಪರದಾಡಿದ ರೈತನ ಸಂಕಟ ಬೇರೆ. ಅದು ವ್ಯವಸ್ಥೆಯ ತಪ್ಪು, ಅವನ ತಲೆಯ ಮೇಲೆ ಹೊರಿಸುವಂತಿಲ್ಲ. ನಾನು ಹೇಳುತ್ತಿರುವುದು ಹಳೆಯ ರಾಶಿಯನ್ನು ಹೊಸ ರಾಶಿ ಬರುವವರೆಗೆ ತಬ್ಬಿಕೊಂಡು ಕೂತವನ ಬಗ್ಗೆ.

ಬೇಕಾದದ್ದನ್ನೇ ಹೆಕ್ಕುವ ಚಾಳಿ ಮಾರುಕಟ್ಟೆಯಲ್ಲಷ್ಟೇ ಅಲ್ಲ. ನಮ್ಮ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಕಾರಣಿಕ ನುಡಿಯುತ್ತಾರೆ. ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ಆ ನಂಬಿಕೆಯ ತಂಟೆಗೆ ನಾನು ಹೋಗುವುದಿಲ್ಲ. ಆದರೆ ಬಸ್ಸಿನಲ್ಲಿ ಮರಳುವಾಗಿನ ಮಾತು ಕೇಳಬೇಕು. ಹತ್ತಿ ಇಟ್ಟವನಿಗೆ ಅದರಲ್ಲಿ ಹತ್ತಿಯ ಬೆಲೆ ಕಂಡಿರುತ್ತದೆ, ಈರುಳ್ಳಿ ಇಟ್ಟವನಿಗೆ ಈರುಳ್ಳಿಯದು, ರಾಜಕಾರಣಿಯ ಹಿಂದೆ ತಿರುಗುವವನಿಗೆ ಕುರ್ಚಿ. ಅದೇ ಸಾಲಿನಲ್ಲಿ ತನ್ನ ಸೋಲನ್ನು ಕಂಡವನನ್ನು ನಾನಂತೂ ನೋಡಿಲ್ಲ. ಇದು ಜಾತ್ರೆಗೆ ಹೋಗುವವರ ಗುಣ ಎಂದು ಓದಿದವರು ನಗಬೇಕಿಲ್ಲ. ಷೇರು ಪೇಟೆಯ ಆ್ಯಪ್ ತೆರೆದು, ಬಿದ್ದ ಷೇರಿನ ಪರವಾಗಿ ಮಾತಾಡುವ ವಿಡಿಯೊಗಳನ್ನೇ ಹುಡುಕುವ ಮೇಷ್ಟರುಗಳೂ, ಬ್ಯಾಂಕಿನವರೂ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಬೇಕಾದಷ್ಟಿದ್ದಾರೆ. ಅವರ ಕಾರಣಿಕ ದಿನಾ ನುಡಿಯುತ್ತದೆ, ಅಷ್ಟೇ ವ್ಯತ್ಯಾಸ.

ಇದೇ ಮನೆತನದ ಸಣ್ಣಪುಟ್ಟ ನಂಬಿಕೆಗಳೂ ಇವೆ. ಐನೂರು ಅಡಿ ಕೊರೆಸಿದ್ದು ವ್ಯರ್ಥವಾಗಬಾರದೆಂದು ಬೋರ್‌ವೆಲ್ಲನ್ನು ಇನ್ನೂ ನೂರು ಅಡಿ ಇಳಿಸುವವರು ಒಂದು ತಿಳಿಯಬೇಕು: ಕೆಳಗಿನ ಕಲ್ಲಿಗೆ ಮೇಲಿನ ಖರ್ಚಿನ ಬಿಲ್ಲು ಗೊತ್ತಿಲ್ಲ. ಇಷ್ಟು ಬಿದ್ದ ಮೇಲೆ ಬೆಲೆ ಏಳಲೇಬೇಕು ಎಂಬುದಕ್ಕೆ ಯಾವ ಆಧಾರವೂ ಇಲ್ಲ.

ಕಾರಣ ಬದುಕಿದೆಯೋ ಇಲ್ಲವೋ ಎಂದು ತಿಳಿಯಲು ದೊಡ್ಡ ವಿದ್ಯೆ ಬೇಡ. ಚೀಲ ಒಟ್ಟುವ ದಿನವೇ ಡೈರಿಯಲ್ಲಿ ಎರಡು ಸಾಲು ಬರೆದಿಡಬೇಕು. ಯಾಕೆ ಇಡುತ್ತಿದ್ದೇನೆ, ಏನಾದರೆ ಮಾರುತ್ತೇನೆ. ಎರಡನೆಯ ಸಾಲು ಬೆಲೆಯ ಬಗ್ಗೆ ಇರಬಾರದು, ಕಾರಣದ ಬಗ್ಗೆ ಇರಬೇಕು: ‘ಕಬ್ಬಿನ ನಿರ್ಬಂಧ ತೆಗೆದರೆ ಮಾರುತ್ತೇನೆ’ ಎಂದು. ಬರೆಯದಿದ್ದರೆ ಏಪ್ರಿಲಿನ ಹೊತ್ತಿಗೆ ಮನಸ್ಸು ಹೊಸ ಕಾರಣ ಹುಟ್ಟಿಸಿ, ಅದೇ ಮೊದಲಿನಿಂದ ಇದ್ದದ್ದು ಎಂದು ಸಾಧಿಸುತ್ತದೆ. ಆಮೇಲೆ ತಿಂಗಳಿಗೊಮ್ಮೆ ಒಂದು ಪ್ರಶ್ನೆ: ಈ ರಾಶಿ ನನ್ನದಲ್ಲ, ಅದರ ಇವತ್ತಿನ ಬೆಲೆಯಷ್ಟು ದುಡ್ಡು ನನ್ನ ಕೈಯಲ್ಲಿದೆ ಎಂದುಕೊಂಡರೆ, ನೂರಕ್ಕೆ ಎರಡರ ಸಾಲ ತೀರಿಸದೆ ಆ ದುಡ್ಡಿನಲ್ಲಿ ಜೋಳ ಕೊಂಡು ಮನೆಯಲ್ಲಿ ಒಟ್ಟುತ್ತಿದ್ದೆನೆ? ಇಲ್ಲ ಎಂದಾದರೆ ಇಟ್ಟುಕೊಳ್ಳುವುದಕ್ಕೂ ಕಾರಣವಿಲ್ಲ. ಮನೆಯ ದನಕ್ಕೆ, ಕೋಳಿಗೆ ಬೇಕಾದಷ್ಟನ್ನು ಇಟ್ಟುಕೊಳ್ಳುವವನಿಗೆ ಈ ಪ್ರಶ್ನೆ ಅನ್ವಯಿಸುವುದಿಲ್ಲ. ಖರೀದಿ ಕೇಂದ್ರ ತೆರೆಯುವ ದಿನ ಗೊತ್ತಾಗಿ, ಹೆಸರು ನೋಂದಾಯಿಸಿ ಕಾಯುತ್ತಿರುವವನಿಗೂ ಇಲ್ಲ. ಅವನ ಕಾರಣ ಬದುಕಿದೆ.

‘ಮಾರಿದ ಮರುವಾರವೇ ಏರಿಬಿಟ್ಟರೆ?’ ಎಂದು ಕೇಳುತ್ತಾರೆ. ಏರಬಹುದು. ಮೇಲಿನ ಲೆಕ್ಕದ ರೈತ 2,200ಕ್ಕೆ ಮಾರಿ, ತಿಂಗಳ ಮೇಲೆ 2,250 ಆದದ್ದನ್ನು ನೋಡಿ ಹೊಟ್ಟೆ ಉರಿಸಿಕೊಳ್ಳಬಹುದು. ಆದರೆ ಆ ತಿಂಗಳು ಇಟ್ಟುಕೊಳ್ಳಲು ಕ್ವಿಂಟಲಿಗೆ ಅರವತ್ತೈದು ಖರ್ಚಾಗುತ್ತಿತ್ತು, ಏರಿದ್ದು ಐವತ್ತು.