ಚಿನ್ನದ ವಾರ್ಷಿಕ ಗಳಿಕೆ ಎಷ್ಟು?

ಪ್ರಶ್ನೆ: ಚಿನ್ನ ವರ್ಷಕ್ಕೆ ಶೇಕಡಾ ಎಷ್ಟು ಬೆಳೆಯುತ್ತದೆ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಎಲ್ಲರ ಲೆಕ್ಕವೂ ಸರಿಯಿರಬಹುದು; ಬೇರೆಯಾಗುವುದು ಆರಂಭದ ದಿನ. ಲಂಡನ್ ಮಾರುಕಟ್ಟೆಯಲ್ಲಿ 1980ರ ಜನವರಿ 21ರಂದು ಔನ್ಸ್‌ಗೆ 850 ಡಾಲರ್ ಇತ್ತು. 2020ರ ಸರಾಸರಿ ಸುಮಾರು 1,770. ಕೊನೆಯ ಬೆಲೆಯನ್ನು ಮೊದಲಿನದರಿಂದ ಭಾಗಿಸಿ, 40ನೆಯ ಮೂಲ ತೆಗೆದು, 1 ಕಳೆಯಿರಿ:

(1770/850)^(1/40) − 1

ಬರುವುದು ಶೇ. 1.9 ಮಾತ್ರ. 1980ರ ಆ ಒಂದು ದಿನದ ಬದಲು ಇಡೀ ವರ್ಷದ ಸರಾಸರಿ, ಸುಮಾರು 615 ಡಾಲರ್, ಹಿಡಿದರೆ ಶೇ. 2.7. 2000ದ ಸರಾಸರಿ 279ರಿಂದ ಹೊರಟರೆ 20 ವರ್ಷಗಳಲ್ಲಿ ವರ್ಷಕ್ಕೆ ಶೇ. 9.7!

850 ಎಂಬುದು ಹಣದುಬ್ಬರದ ಭೀತಿಯಲ್ಲಿ ಏರಿದ ಶಿಖರ, 279 ದೀರ್ಘ ಕುಸಿತದ ತಳ. ಮಾರುವವರು ಸಾಮಾನ್ಯವಾಗಿ ತಳವನ್ನೇ ಆರಿಸುತ್ತಾರೆ. 1970ರಿಂದ ಎಣಿಸುವುದೂ ಅನುಮಾನಾಸ್ಪದವೇ: ಆಗಿನ ಸುಮಾರು 35 ಡಾಲರ್, ಅಮೆರಿಕ ಸರ್ಕಾರ ಕಟ್ಟಿಹಾಕಿದ್ದ ದರಕ್ಕೆ ಅಂಟಿಕೊಂಡಿತ್ತು. ಹತ್ತಾರು ಆರಂಭ ವರ್ಷಗಳಿಗೆ ಇದೇ ಲೆಕ್ಕ ಮಾಡಿ, ಸಿಕ್ಕ ವ್ಯಾಪ್ತಿಯನ್ನು ನೋಡಿ.