ಓಟಿಪಿ ಬರಲಿಲ್ಲ, ಹಣ ಹೋಯಿತು: ಬ್ಯಾಂಕಿಗೆ ಬರೆಯುವ ಪತ್ರದಲ್ಲಿ ಏನಿರಬೇಕು?

ನವೆಂಬರ್ 14, ಶುಕ್ರವಾರ. ರಾತ್ರಿ ಹನ್ನೊಂದು ಮುಕ್ಕಾಲಿಗೆ ಧಾರವಾಡದ ಶಿಕ್ಷಕಿಯೊಬ್ಬರ ಮೊಬೈಲಿಗೆ ಬ್ಯಾಂಕಿನ ಎಸ್ಸೆಮ್ಮೆಸ್ ಬರುತ್ತದೆ. ಅವರ ಕ್ರೆಡಿಟ್ ಕಾರ್ಡಿನಿಂದ ಯಾವುದೋ ವಿದೇಶಿ ಜಾಲತಾಣಕ್ಕೆ 412 ಡಾಲರ್, ಅಂದರೆ 36,544 ರೂಪಾಯಿ ಪಾವತಿಯಾಗಿದೆ. ಕಾರ್ಡು ಪರ್ಸಿನಲ್ಲೇ ಇದೆ. ಓಟಿಪಿ ಬಂದಿಲ್ಲ, ಯಾರೂ ಕರೆ ಮಾಡಿ ಕೇಳಿಯೂ ಇಲ್ಲ. ಇದು ವಿಷಯ ತಿಳಿಯಲೆಂದು ಕಟ್ಟಿಕೊಂಡ ಉದಾಹರಣೆ. ಆದರೆ ಇಂಥದ್ದು ನಡೆಯುವ ಬಗೆ ನಿಜದ್ದೇ. ನಮ್ಮ ದೇಶದ ಜಾಲತಾಣಗಳಲ್ಲಿ ಸಾಮಾನ್ಯವಾಗಿ ಓಟಿಪಿ ಇಲ್ಲದೆ ಕಾರ್ಡು ನಡೆಯುವುದಿಲ್ಲ. ಹೊರದೇಶದ ಹಲವು ತಾಣಗಳಲ್ಲಿ ಕಾರ್ಡ್ ಸಂಖ್ಯೆ, ಅವಧಿ ಮತ್ತು ಹಿಂಬದಿಯ ಸಿವಿವಿ ಇದ್ದರೆ ಸಾಕು.

ಆ ರಾತ್ರಿ ಮಾಡಬೇಕಾದ ಮೊದಲ ಕೆಲಸ ಆ್ಯಪ್‌ನಲ್ಲೋ ಸಹಾಯವಾಣಿಯಲ್ಲೋ ಕಾರ್ಡನ್ನು ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಿಳಿಸಬೇಕು. ಮಗನೋ ಮಗಳೋ ಅದೇ ಕಾರ್ಡಿನಲ್ಲಿ ಏನಾದರೂ ಚಂದಾ ಕಟ್ಟಿದ್ದಾರೆಯೇ ಎಂದು ಮನೆಯಲ್ಲಿ ವಿಚಾರಿಸುವುದೂ ಒಳ್ಳೆಯದು. ಸ್ಟೇಟ್‌ಮೆಂಟಿನಲ್ಲಿ ಬರುವ ವ್ಯಾಪಾರಿಯ ಹೆಸರು ಎಷ್ಟೋ ಸಲ ಅಂಗಡಿಯ ಹೆಸರಿಗಿಂತ ಬೇರೆಯೇ ಇರುತ್ತದೆ. ಇಷ್ಟಾದ ಮೇಲೆ ಪತ್ರ.

ಪತ್ರ ಕೇಳಬೇಕಾದದ್ದು ಒಂದಲ್ಲ, ಎರಡು. ಬಹಳ ಜನ ಇವೆರಡನ್ನೂ ಕಲಸಿಬಿಡುತ್ತಾರೆ.

ಮೊದಲನೆಯದು ಗ್ರಾಹಕ ಮತ್ತು ಬ್ಯಾಂಕಿನ ನಡುವಿನ ಲೆಕ್ಕ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ, ಗ್ರಾಹಕರ ಒಪ್ಪಿಗೆಯಿಲ್ಲದೆ ನಡೆದ ಎಲೆಕ್ಟ್ರಾನಿಕ್ ವಹಿವಾಟಿನ ನಷ್ಟ ಯಾರ ತಲೆಗೆ ಎಂಬುದನ್ನು ದಿನದ ಲೆಕ್ಕದಲ್ಲಿ ಹೇಳುತ್ತದೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ನಡುವೆ ಎಲ್ಲೋ ಮಾಹಿತಿ ಸೋರಿದೆ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ನಾಲ್ಕರಿಂದ ಏಳನೇ ದಿನದೊಳಗೆ ತಿಳಿಸಿದರೆ ಹೊಣೆಗೆ ಮಿತಿಯಿದೆ. ಐದು ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಅದು 10,000 ರೂಪಾಯಿ, ವಹಿವಾಟು ಅದಕ್ಕಿಂತ ಚಿಕ್ಕದಾದರೆ ಅಷ್ಟು ಮೊತ್ತ ಮಾತ್ರ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿ ಹೇಳಿದಂತೆ. ಓಟಿಪಿಯನ್ನೋ ಪಿನ್ನನ್ನೋ ಗ್ರಾಹಕರೇ ಹೇಳಿಬಿಟ್ಟಿದ್ದರೆ ಮಾತ್ರ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಪೂರ್ತಿ ಅವರದೇ.

ಸಂದೇಶ ಬಂದ ದಿನ ಎಣಿಕೆಗೆ ಸೇರುವುದಿಲ್ಲ. ನವೆಂಬರ್ 15 ಮೂರನೇ ಶನಿವಾರ, ಬ್ಯಾಂಕು ತೆರೆದಿರುವ ದಿನ; ಆದ್ದರಿಂದ ಅದು ಒಂದು. ಸೋಮವಾರ ಎರಡು, ಮಂಗಳವಾರ ಮೂರು. ಶಿಕ್ಷಕಿ 18ರ ಮಂಗಳವಾರದೊಳಗೆ ತಿಳಿಸಿದರೆ 36,544 ರೂಪಾಯಿಯಲ್ಲಿ ಒಂದು ಪೈಸೆಯೂ ಅವರ ಹೊಣೆಯಲ್ಲ. 20ರ ಗುರುವಾರ ತಿಳಿಸಿದರೆ 10,000 ರೂಪಾಯಿ ಕೈಬಿಡಬೇಕಾಗಬಹುದು.

ಎರಡನೆಯದೇ ಚಾರ್ಜ್‌ಬ್ಯಾಕ್. ಕಾರ್ಡು ಕೊಟ್ಟ ಬ್ಯಾಂಕು ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲದ ಮೂಲಕ ವ್ಯಾಪಾರಿಯ ಬ್ಯಾಂಕಿನಿಂದ ಹಣ ವಾಪಸು ಕೇಳುವ ಕ್ರಮ ಇದು. ಇಲ್ಲಿ ನಡೆಯುವುದು ಜಾಲದ ನಿಯಮ. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ವಂಚನೆಯ ಪ್ರಕರಣಕ್ಕೆ ಸಾಮಾನ್ಯವಾಗಿ 120 ದಿನಗಳ ಗಡುವು. ಓಟಿಪಿಯಂಥ ದೃಢೀಕರಣ ಇಲ್ಲದೆ ವ್ಯಾಪಾರಿ ಹಣ ತೆಗೆದುಕೊಂಡಿದ್ದರೆ ನಷ್ಟ ಸಾಮಾನ್ಯವಾಗಿ ಆತನ ಕಡೆಗೇ ತಿರುಗುತ್ತದೆ. ದೃಢೀಕರಣ ನಡೆದಿದ್ದರೆ ಹೊಣೆ ಕಾರ್ಡು ಕೊಟ್ಟ ಬ್ಯಾಂಕಿಗೇ ಉಳಿಯುವುದರಿಂದ, ವಂಚನೆಯ ಕಾರಣಕ್ಕೆ ಚಾರ್ಜ್‌ಬ್ಯಾಕ್ ಗೆಲ್ಲುವುದು ಕಷ್ಟ. ಶಿಕ್ಷಕಿಯ ಪತ್ರದಲ್ಲಿ ‘ಓಟಿಪಿ ಬರಲಿಲ್ಲ’ ಎಂಬ ವಾಕ್ಯಕ್ಕೆ ಅಷ್ಟು ತೂಕ ಬರುವುದು ಇದರಿಂದಲೇ.

ಇನ್ನು ಪತ್ರ. ಅಳಲು, ಆಕ್ರೋಶ ಬೇಡ. ಒಂದು ಪುಟ ಸಾಕು.

ವಿಷಯ: ಕೊನೆಯ ನಾಲ್ಕು ಅಂಕಿ 4417 ಇರುವ ಕ್ರೆಡಿಟ್ ಕಾರ್ಡಿನಲ್ಲಿ ಅನಧಿಕೃತ ವಹಿವಾಟು – ಹಣ ಮರುಜಮೆ ಮತ್ತು ಚಾರ್ಜ್‌ಬ್ಯಾಕ್ ಕೋರಿಕೆ.

ಮಾನ್ಯರೇ, 14–11–2025ರ ರಾತ್ರಿ 11.45ಕ್ಕೆ ಮೇಲಿನ ಕಾರ್ಡಿನಲ್ಲಿ 412 ಡಾಲರ್ (ರೂ. 36,544) ವಹಿವಾಟು ನಡೆದಿರುವುದಾಗಿ ನಿಮ್ಮ ಸಂದೇಶ ಬಂದಿತು. ಈ ವಹಿವಾಟನ್ನು ನಾನು ಮಾಡಿಲ್ಲ, ಮಾಡಲು ಯಾರಿಗೂ ಅನುಮತಿ ಕೊಟ್ಟಿಲ್ಲ. ಕಾರ್ಡು ನನ್ನ ಬಳಿಯೇ ಇದೆ. ಓಟಿಪಿ ಬಂದಿಲ್ಲ, ಪಿನ್, ಸಿವಿವಿ ಯಾರಿಗೂ ತಿಳಿಸಿಲ್ಲ. ಅದೇ ರಾತ್ರಿ 11.58ಕ್ಕೆ ಸಹಾಯವಾಣಿಗೆ ತಿಳಿಸಿ ಕಾರ್ಡು ಬ್ಲಾಕ್ ಮಾಡಿಸಿದ್ದೇನೆ. ದೂರಿನ ಸಂಖ್ಯೆಯನ್ನು ಕೆಳಗೆ ಕೊಟ್ಟಿದೆ.

ರಿಸರ್ವ್ ಬ್ಯಾಂಕಿನ 6–7–2017ರ ಸುತ್ತೋಲೆಯಂತೆ ಈ ಮೊತ್ತವನ್ನು ಹತ್ತು ಕೆಲಸದ ದಿನಗಳೊಳಗೆ, ವಹಿವಾಟಿನ ದಿನಾಂಕದಿಂದಲೇ ಲೆಕ್ಕ ಬರುವಂತೆ, ನನ್ನ ಕಾರ್ಡಿಗೆ ಜಮೆ ಮಾಡಬೇಕು. ಇದರೊಂದಿಗೆ ವ್ಯಾಪಾರಿಯ ಬ್ಯಾಂಕಿನ ವಿರುದ್ಧ ವಂಚನೆಯ ಕಾರಣ ನಮೂದಿಸಿ ಚಾರ್ಜ್‌ಬ್ಯಾಕ್ ಹೂಡಬೇಕು. ಈ ವಹಿವಾಟಿಗೆ ಹಾಕಿದ ವಿದೇಶಿ ವಿನಿಮಯ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಮತ್ತು ಬಡ್ಡಿಯನ್ನೂ ಹಿಂದಿರುಗಿಸಬೇಕು.

ಕೆಳಗೆ ಸಹಿ, ನೋಂದಾಯಿತ ಮೊಬೈಲ್ ಸಂಖ್ಯೆ, ವ್ಯಾಪಾರಿಯ ಹೆಸರು ಸ್ಟೇಟ್‌ಮೆಂಟಿನಲ್ಲಿ ಇರುವಂತೆಯೇ. ಜೊತೆಗೆ ಎಸ್ಸೆಮ್ಮೆಸ್‌ನ ಸ್ಕ್ರೀನ್‌ಶಾಟ್, 1930ರ ದೂರಿನ ಸ್ವೀಕೃತಿ, ಬ್ಯಾಂಕಿನದೇ ಡಿಸ್ಪ್ಯೂಟ್ ಫಾರ್ಮ್. ಕಾರ್ಡಿನ ಪೂರ್ತಿ ಸಂಖ್ಯೆಯನ್ನಾಗಲಿ ಸಿವಿವಿಯನ್ನಾಗಲಿ ಪತ್ರದಲ್ಲಿ ಬರೆಯುವಂತಿಲ್ಲ. ಇಮೇಲ್ ಮಾಡಿ, ಶಾಖೆಗೂ ಒಂದು ಪ್ರತಿ ಕೊಟ್ಟು ಮೊಹರು ಹಾಕಿಸಿಕೊಂಡರೆ ಎಂದು ತಿಳಿಸಿದ್ದೆಂಬ ವಾದವೇ ಏಳುವುದಿಲ್ಲ.

ಎಡವುವುದು ಹೆಚ್ಚಾಗಿ ಇಲ್ಲಿಂದ ಮುಂದೆ. ಶನಿವಾರ ಸಹಾಯವಾಣಿಯವರು ‘ವಹಿವಾಟು ಇನ್ನೂ ಪೆಂಡಿಂಗ್ ಇದೆ, ಬಿಲ್ಲಿಗೆ ಬಂದ ಮೇಲೆ ದೂರು ಕೊಡಿ’ ಎನ್ನಬಹುದು. ಚಾರ್ಜ್‌ಬ್ಯಾಕ್‌ನ ಮಟ್ಟಿಗೆ ಅದು ಸರಿ; ಖಾತೆಗೆ ಪೂರ್ತಿ ಏರಿದ ವಹಿವಾಟಿನ ಮೇಲೆಯೇ ಅದನ್ನು ಹೂಡುವುದು. ರಿಸರ್ವ್ ಬ್ಯಾಂಕಿನ ಮೂರು ದಿನದ ಗಡುವು ಮಾತ್ರ ಅದಕ್ಕಾಗಿ ಕಾಯುವುದಿಲ್ಲ. ಕಾಯುತ್ತ ಕೂತವರಿಗೆ ಆಗುವ ನಷ್ಟ ಆ ಹತ್ತು ಸಾವಿರದ್ದು.

ಶಿಕ್ಷಕಿ 15ರಂದೇ ಪತ್ರ ಕೊಟ್ಟರು ಎನ್ನೋಣ. ನವೆಂಬರ್ 28ರೊಳಗೆ ತಾತ್ಕಾಲಿಕ ಜಮೆ ಆಗಬೇಕು. ಬಿಲ್ಲು ಬಂದಾಗ ತಕರಾರಿನ ಮೊತ್ತ ಬಿಟ್ಟು ಉಳಿದದ್ದನ್ನು ಅವರು ಗಡುವಿನೊಳಗೆ ಕಟ್ಟಲೇಬೇಕು. ಅದನ್ನೂ ತಡೆಹಿಡಿದರೆ ಬಡ್ಡಿಯೂ ತಡ ಶುಲ್ಕವೂ ಬೀಳುತ್ತವೆ. ತಾತ್ಕಾಲಿಕ ಜಮೆಯನ್ನು ಖರ್ಚಿನ ದುಡ್ಡು ಎಂದುಕೊಳ್ಳುವಂತಿಲ್ಲ. ವ್ಯಾಪಾರಿ ವಿಳಾಸ, ಹಿಂದಿನ ಖರೀದಿ, ಬಳಸಿದ ಸಾಧನದ ದಾಖಲೆ ತೋರಿಸಿ ಚಾರ್ಜ್‌ಬ್ಯಾಕ್ ಅನ್ನು ಎದುರಿಸಬಹುದು. ಆ ದಾಖಲೆ ನಂಬುವಂತಿದ್ದರೆ ಬ್ಯಾಂಕು ಜಮೆಯನ್ನು ವಾಪಸು ಪಡೆಯುತ್ತದೆ.

‘ತನಿಖೆಯಲ್ಲಿ ವಹಿವಾಟು ಸರಿಯಾಗಿದೆ ಎಂದು ಕಂಡುಬಂದಿದೆ’ ಎಂಬ ಒಂದೇ ಸಾಲಿನ ಉತ್ತರ ಬಂದರೆ, ಯಾವ ದಾಖಲೆಯಿಂದ ಹಾಗೆ ಕಂಡಿತು ಎಂದು ಶಿಕ್ಷಕಿ ಲಿಖಿತವಾಗಿ ಕೇಳಬೇಕು. ಗ್ರಾಹಕರದೇ ಹೊಣೆ ಎಂದು ರುಜುವಾತು ಮಾಡುವ ಭಾರ 2017ರ ಸುತ್ತೋಲೆಯ ಪ್ರಕಾರ ಬ್ಯಾಂಕಿನದು. ದೂರನ್ನು 90 ದಿನಗಳೊಳಗೆ, ಅಂದರೆ ಇವರ ಲೆಕ್ಕದಲ್ಲಿ ಫೆಬ್ರವರಿ 13ರೊಳಗೆ, ಇತ್ಯರ್ಥ ಮಾಡುವುದೂ ಅದರ ಬಾಧ್ಯತೆಯೇ. ಮೂವತ್ತು ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪುವಂತಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಆಗ ಮೊದಲು ಲಗತ್ತಿಸಬೇಕಾದ ಕಾಗದ, ನವೆಂಬರ್ 15ರ ಮೊಹರು ಬಿದ್ದ ಆ ಪತ್ರದ ಪ್ರತಿ.